ಅವ್ವ ಇನ್ಸುಲಿನ್ ಬಿಡುತ್ತಿದ್ದಾರೆ: ಬೈಯುವ ಮೊದಲು ಮನೆಯವರು ನೋಡಬೇಕಾದದ್ದು

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಅವ್ವನಿಗೆ 54 ವರ್ಷ, ಶುಗರ್ ಬಂದು 11 ವರ್ಷ ಆಯಿತು. ಬೆಳಿಗ್ಗೆ, ರಾತ್ರಿ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಗುಳಿಗೆ, ಮಲಗುವಾಗ 18 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಇದೆ. ಮೊದಲು ತಾನೇ ಚೆಕ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಈಗ ಮಷಿನ್ ಮುಟ್ಟುವುದಿಲ್ಲ. ಒಂದು ಇನ್ಸುಲಿನ್ ಪೆನ್ನು ತಿಂಗಳ ಮೇಲೆ ಬರುತ್ತಿದೆ. ನಾವೇ ಚೆಕ್ ಮಾಡಿದರೆ ಮುಂಜಾನೆ 210 ಇರುತ್ತದೆ. ರಾತ್ರಿ ಒಂದೇ ರೊಟ್ಟಿ ತಿಂದೆ ಅನ್ನುತ್ತಾಳೆ, ಆದರೆ ಅಡುಗೆಮನೆಯಲ್ಲಿ ಕದ್ದು ಬೆಲ್ಲ ತಿಂದಿದ್ದನ್ನು ನನ್ನ ಹೆಂಡತಿ ನೋಡಿದ್ದಾಳೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.6 ಬಂದಿದೆ, ಇನ್ಸುಲಿನ್ 24 ಯೂನಿಟ್ ಮಾಡೋಣ ಎಂದಿದ್ದಾರೆ ಡಾಕ್ಟರು. ಅಪ್ಪ ಬೈಯುತ್ತಾರೆ, ಬೆಂಗಳೂರಿನ ತಂಗಿ ದಿನಾ ಫೋನ್ ಮಾಡಿ ಶುಗರ್ ಕೇಳುತ್ತಾಳೆ. ಅವ್ವ "ನಾ ಏನ್ ಮಾಡಿದ್ರೂ ಅಷ್ಟ, ಬಿಡ್ರಿ" ಅನ್ನುತ್ತಾಳೆ. ಪಿರಿಪಿರಿ ಮಾಡದೆ ಅವಳನ್ನು ದಾರಿಗೆ ತರುವುದು ಹೇಗೆ?

ಉತ್ತರ:

ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. 24 ಯೂನಿಟ್ ಶುರು ಮಾಡುವ ಮುಂಚೆ, ಅವ್ವ ದಿನಾ ಇನ್ಸುಲಿನ್ ಹಾಕಿಕೊಳ್ಳುತ್ತಿಲ್ಲ ಎಂಬುದು ಡಾಕ್ಟರಿಗೆ ಗೊತ್ತಾಗಲೇಬೇಕು. ಲೆಕ್ಕ ಸರಳ ಇದೆ. ಒಂದು ಪೆನ್ನಿನಲ್ಲಿ 300 ಯೂನಿಟ್ ಇರುತ್ತದೆ. ದಿನಕ್ಕೆ 18 ಯೂನಿಟ್, ಸೂಜಿಯಿಂದ ಗಾಳಿ ತೆಗೆಯಲು ಹೊರಗೆ ಬಿಡುವ 2 ಯೂನಿಟ್ ಸೇರಿದರೆ 20. ಅಂದರೆ ಒಂದು ಪೆನ್ನು 15 ದಿನಕ್ಕೆ ಮುಗಿಯಬೇಕು. ಅದು ತಿಂಗಳ ಮೇಲೆ ಬರುತ್ತಿದೆ ಎಂದರೆ ಅರ್ಧಕ್ಕರ್ಧ ದಿನ ಇನ್ಸುಲಿನ್ ಹೋಗುತ್ತಿಲ್ಲ. ಡಾಕ್ಟರ ಕಣ್ಣಿಗೆ ಬಿದ್ದಿರುವುದು 9.6 ಎಂಬ ರಿಪೋರ್ಟ್ ಮಾತ್ರ. 18 ಸಾಲುತ್ತಿಲ್ಲ ಎಂದುಕೊಂಡು ಅವರು ಏರಿಸುತ್ತಿದ್ದಾರೆ. ಈಗ ನೀವು ಎದುರಿಗೆ ನಿಂತು ದಿನಾ 24 ಹಾಕಿಸಿದರೆ, ಅರ್ಧ ಡೋಸಿಗೆ ಒಗ್ಗಿದ ದೇಹಕ್ಕೆ ಒಮ್ಮೆಲೇ ಎರಡು ಪಟ್ಟಿಗಿಂತ ಹೆಚ್ಚು ಇನ್ಸುಲಿನ್ ಬೀಳುತ್ತದೆ. ಜೊತೆಗೆ ಗ್ಲಿಮೆಪಿರೈಡ್ ಬೇರೆ ಇದೆ. ರಾತ್ರಿ ಎರಡು ಮೂರು ಗಂಟೆಗೆ ಶುಗರ್ ಕುಸಿಯುವುದು ಹೀಗೆಯೇ. ಮೈಯೆಲ್ಲ ಬೆವರಿ ಹಾಸಿಗೆ ಒದ್ದೆಯಾಗುವುದು, ಕೆಟ್ಟ ಕನಸು ಬಿದ್ದು ಎದ್ದು ಕೂರುವುದು, ಮುಂಜಾನೆ ತಲೆನೋವು, ಇವು ಅದರ ಗುರುತು.

ನನ್ನ ಹತ್ತಿರ ಬರುವ ಎಷ್ಟೋ ಮನೆಗಳಲ್ಲಿ ಈ ಸರಪಳಿ ನೋಡಿದ್ದೇನೆ. ಮನೆಯವರು ಬೈಯುತ್ತಾರೆ, ಬೈಗುಳ ತಪ್ಪಿಸಲು ರೋಗಿ "ತಗೊಂಡೀನಿ" ಅನ್ನುತ್ತಾರೆ, ಆ ಮಾತು ನಂಬಿ ಡಾಕ್ಟರು ಡೋಸ್ ಏರಿಸುತ್ತಾರೆ, ಕೊನೆಗೆ ಪೂರ್ತಿ ಡೋಸ್ ಹೋದ ದಿನ ರೋಗಿ ಬೆವರಿ ಬೀಳುತ್ತಾರೆ. ಅಲ್ಲಿಂದ ಇನ್ಸುಲಿನ್ ಎಂದರೇ ಹೆದರಿಕೆ. ಹಾಗಾಗಿ ಪಿರಿಪಿರಿಯನ್ನು ಬರೀ ಮನಸ್ತಾಪದ ವಿಷಯ ಎಂದು ನಾನು ಎಣಿಸುವುದಿಲ್ಲ. ಅದು ಚಿಕಿತ್ಸೆಯ ಲೆಕ್ಕವನ್ನೇ ತಪ್ಪಿಸುತ್ತದೆ.

ಇನ್ನು ನೀವು ಅವ್ವನ ಮೇಲೆ ಹೊರಿಸಿದ ಉಳಿದ ಎರಡು ತಪ್ಪುಗಳಿಗೆ ಬರೋಣ.

ಮುಂಜಾನೆಯ 210 ನೋಡಿ "ರಾತ್ರಿ ಏನ್ ತಿಂದಿದ್ದಿ?" ಎಂದು ಕೇಳುವುದು ನಮ್ಮಲ್ಲಿ ಎಲ್ಲರ ರೂಢಿ. ಆದರೆ ಬರಿಹೊಟ್ಟೆಯ ಶುಗರ್ ಬಹುಪಾಲು ರಾತ್ರಿಯ ಊಟದ್ದಲ್ಲ, ಯಕೃತ್ತಿನದು. ನಾವು ಮಲಗಿದ್ದಾಗ ಮೆದುಳಿಗೆ ಬೇಕಾದ ಸಕ್ಕರೆಯನ್ನು ಯಕೃತ್ತು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವ ದೇಹವನ್ನು ಎಬ್ಬಿಸುವ ಹಾರ್ಮೋನುಗಳು ಏರಿದಾಗ ಇನ್ನಷ್ಟು ಬಿಡುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್ ಕೆಲಸ. ಇನ್ಸುಲಿನ್ ಸಾಲದಿದ್ದರೆ ಅಥವಾ ಹಿಂದಿನ ರಾತ್ರಿ ಹಾಕದಿದ್ದರೆ, ಒಂದೇ ರೊಟ್ಟಿ ತಿಂದವರಿಗೂ 210 ಬರುತ್ತದೆ. ಅಂದರೆ ಅವ್ವ ಸುಳ್ಳು ಹೇಳುತ್ತಿಲ್ಲದಿರಬಹುದು. ಅರ್ಧ ಹೊಟ್ಟೆ ಉಂಡು ಮಲಗಿ, ಮುಂಜಾನೆ ಎದ್ದು ಬೆರಳು ಚುಚ್ಚಿಸಿಕೊಂಡು, ಆಮೇಲೆ ಬೈಸಿಕೊಂಡವರು "ನಾ ಏನ್ ಮಾಡಿದ್ರೂ ಅಷ್ಟ" ಅನ್ನದೆ ಇನ್ನೇನು ಹೇಳಿಯಾರು? ಅವರ ಮಟ್ಟಿಗೆ ಅದು ಕಣ್ಣಾರೆ ಕಂಡ ಸತ್ಯ.

ಬೆಲ್ಲದ ವಿಷಯ ಇನ್ನೂ ಮುಖ್ಯ. ಯಾವ ಹೊತ್ತಿನಲ್ಲಿ ತಿಂದರು ಎಂದು ನಿಮ್ಮ ಹೆಂಡತಿಯನ್ನು ಕೇಳಿ. ನಮ್ಮ ಕಡೆ ಮನೆಯ ಹೆಣ್ಣುಮಗಳ ಮುಂಜಾನೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗುಳಿಗೆ ಏಳೂವರೆಗೆ ನುಂಗುತ್ತಾರೆ. ಆಮೇಲೆ ಹೊಲಕ್ಕೆ ಹೋಗುವವರಿಗೆ ಬುತ್ತಿ, ಶಾಲೆಗೆ ಹೋಗುವವರಿಗೆ ಒಗ್ಗರಣೆ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಪೂಜೆ. ತಮ್ಮ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಹತ್ತೂವರೆ, ಹನ್ನೊಂದು. ಗ್ಲಿಮೆಪಿರೈಡ್ ಮಾತ್ರ ಊಟಕ್ಕಾಗಿ ಕಾಯುವುದಿಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ. ಹತ್ತು ಗಂಟೆಗೆ ಕೈ ನಡುಕ, ಎದೆ ಡವಡವ, ಬೆವರು, ಕಣ್ಣು ಮಂಜು. ಆಗ ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಅದು ಕಳ್ಳತನವಲ್ಲ, ಆ ಹೊತ್ತಿನ ಔಷಧಿ. ಹೆದರಿಕೆಯಲ್ಲಿ ಎರಡು ಮೂರು ಉಂಡೆ ತಿಂದುಬಿಡುತ್ತಾರೆ, ಮಧ್ಯಾಹ್ನ ಶುಗರ್ 280 ಆಗುತ್ತದೆ, ಆ ಅಂಕಿಗೂ ಬೈಗುಳ ಬೀಳುತ್ತದೆ.

ಇದು ಹೌದೋ ಅಲ್ಲವೋ ತಿಳಿಯಲು ಒಂದೇ ದಾರಿ. ಹಾಗೆ ನಡುಕ ಬಂದಾಗ ಬೆಲ್ಲಕ್ಕೆ ಮುಂಚೆ ಒಂದು ಸಲ ಚೆಕ್ ಮಾಡುವುದು. 70ಕ್ಕಿಂತ ಕೆಳಗೆ ಬಂದರೆ ಅನುಮಾನವೇ ಇಲ್ಲ, ಲೋ ಶುಗರ್. ಮಷಿನ್ ಕೈಗೆ ಸಿಗದಿದ್ದರೆ ಕಾಯಬಾರದು. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ನೋಡಬೇಕು, ಇನ್ನೂ 70 ದಾಟಿರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಬೇಕು. ಸರಿಹೋದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ತಿನ್ನಬೇಕು, ಏಕೆಂದರೆ ಗ್ಲಿಮೆಪಿರೈಡ್ ತಂದ ಲೋ ತಾಸೆರಡು ತಾಸು ಬಿಟ್ಟು ಮರಳಿ ಬರಬಹುದು. ಮತಿ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು: ಶುಗರ್ ಇಳಿದಾಗ ಮನುಷ್ಯ ಸಿಡುಕುತ್ತಾನೆ. ಹತ್ತು ಗಂಟೆಗೆ ಅವ್ವ ವಿನಾಕಾರಣ ರೇಗಿದರೆ, ತಿರುಗಿ ರೇಗದೆ ಸಕ್ಕರೆ ನೀರು ಕೊಡಿ.

ಈ ಎರಡನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಇನ್ಸುಲಿನ್ ಬಿಡುತ್ತಿರುವುದು, ಮಷಿನ್ ಮುಟ್ಟದಿರುವುದು. ಇದು ನಿಜವಾಗಿ ದಣಿವು. 11 ವರ್ಷ ರಜೆಯೇ ಇಲ್ಲದ ಕೆಲಸ ಮಾಡಿದವರ ದಣಿವು. ಶುಗರ್‌ನಿಂದ ಬರುವ ಈ ಮನಸ್ಸಿನ ಸಂಕಟವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಅವರ ಸಂಗಡಿಗರು 1995ರಲ್ಲಿ ಪ್ರಶ್ನಾವಳಿ ಮಾಡಿ ಅಳೆದು ತೋರಿಸಿದರು. ಆಮೇಲೆ ಬಂದ ಇನ್ನೊಂದು ಪ್ರಶ್ನಾವಳಿ ಇದನ್ನು ನಾಲ್ಕು ಕಡೆಯಿಂದ ನೋಡುತ್ತದೆ: ರೋಗದ ಭಾರ, ಪಥ್ಯ-ಔಷಧಿಯ ಭಾರ, ಡಾಕ್ಟರ ಜೊತೆಗಿನ ಬೇಸರ, ಮನೆಯವರ ಜೊತೆಗಿನ ಬೇಸರ. ಅದರಿಂದಲೇ ಆರಿಸಿದ ಎರಡು ಪ್ರಶ್ನೆಗಳನ್ನು ಮೊದಲ ಜರಡಿಯಾಗಿ ಬಳಸುತ್ತಾರೆ. ಕಳೆದ ಒಂದು ತಿಂಗಳಲ್ಲಿ "ಶುಗರ್ ಜೊತೆ ಬದುಕಿ ಬದುಕಿ ಹೈರಾಣಾಗಿದ್ದೇನೆ" ಅನ್ನಿಸಿದ್ದು ಎಷ್ಟು? "ಪಥ್ಯ, ಔಷಧಿ ಸರಿಯಾಗಿ ಮಾಡಲಾಗದೆ ಸೋಲುತ್ತಿದ್ದೇನೆ" ಅನ್ನಿಸಿದ್ದು ಎಷ್ಟು? ಏನೂ ಇಲ್ಲದಿದ್ದರೆ 1, ತೀರಾ ಹೆಚ್ಚಾಗಿದ್ದರೆ 6. ಎರಡರ ಸರಾಸರಿ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಕೊಡಬೇಕಾದ ಸಂಕಟ ಎಂದು ಅರ್ಥ. ನೀವು ಕಾಗದ ಪೆನ್ನು ಹಿಡಿದು ಅವ್ವನನ್ನು ಪರೀಕ್ಷೆ ಮಾಡಲು ಕೂರಬೇಡಿ. ಡಾಕ್ಟರೋ ಕ್ಲಿನಿಕ್ಕಿನ ಸಿಸ್ಟರೋ ಕೇಳಲಿ.

ಇದು ಖಿನ್ನತೆಗಿಂತ ಬೇರೆ. ದಣಿದವರಿಗೆ ಶುಗರ್ ಮಾತು ಬಂದಾಗ ಮಾತ್ರ ಮುಖ ಬಾಡುತ್ತದೆ, ಮೊಮ್ಮಕ್ಕಳು ಬಂದರೆ ನಗುತ್ತಾರೆ, ಜಾತ್ರೆಗೆ ಹೊರಡುತ್ತಾರೆ. ಖಿನ್ನತೆಯಲ್ಲಿ ಯಾವುದರಲ್ಲೂ ಮನಸ್ಸು ಇರುವುದಿಲ್ಲ. ಎರಡು ವಾರ ಬಿಡದೆ ನಿದ್ದೆ, ಊಟ, ಮಾತು ಎಲ್ಲ ಕೆಟ್ಟಿದ್ದರೆ, "ನಾ ಇದ್ದು ಏನ್ ಮಾಡ್ಲಿ" ಎಂಬ ಮಾತು ಬರುತ್ತಿದ್ದರೆ ತಡ ಮಾಡದೆ ಮನೋವೈದ್ಯರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಅಂಥ ಮಾತು ಬಂದ ಮನೆಯಲ್ಲಿ ಇನ್ಸುಲಿನ್ ಪೆನ್ನು, ಗುಳಿಗೆ ನಿಮ್ಮ ಸುಪರ್ದಿಯಲ್ಲಿ ಇರಲಿ.

ಈಗ ಮಾತು ಶುರು ಮಾಡುವ ಬಗೆ. ಊಟದ ತಟ್ಟೆಯ ಮುಂದೆ ಬೇಡ, ಮಷಿನ್ ಕೈಯಲ್ಲಿ ಹಿಡಿದು ಬೇಡ, ನಾಲ್ಕು ಜನ ಕೂಡಿ ಬೇಡ. ಮಧ್ಯಾಹ್ನ ಕೆಲಸ ಮುಗಿದು ಅವ್ವ ಕಾಲು ಚಾಚಿ ಕೂತಾಗ ನೀವೊಬ್ಬರೇ ಹೋಗಿ. ಮಾತು ಹೀಗೆ ಬರಲಿ:

"ಅವ್ವ, ಮುಂಜಾನಿ ಶುಗರ್ ಹೆಚ್ಚು ಬರೋದು ನೀ ತಿಂದಿದ್ದಕ್ಕ ಅಲ್ಲಂತ, ಲಿವರ್‌ನಿಂದ ಬರ್ತದಂತ. ಸುಮ್ನ ನಿನಗ ಬೈದ್ವಿ."

ಇಲ್ಲಿ ನಿಲ್ಲಿಸಿ. ಅವರು ಏನಾದರೂ ಹೇಳಲಿ, ಹೇಳದೆಯೂ ಇರಲಿ. ಸ್ವಲ್ಪ ಹೊತ್ತು ಬಿಟ್ಟು:

"ದಿನಾ ಇಂಜೆಕ್ಷನ್ ಹಾಕ್ಕೊಳ್ಳೋದು ಯಾರಿಗಾದ್ರೂ ಬ್ಯಾಸರಾನ. ನಿನಗ ಯಾವಾಗ ಭಾಳ ತ್ರಾಸ ಆಗ್ತದ?"

ಇನ್ಸುಲಿನ್ ಬಿಡುತ್ತೀಯಾ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಬಿಡುವುದು ಸಹಜ ಎಂದು ಮೊದಲೇ ಒಪ್ಪಿ, ಯಾವಾಗ ಎಂದು ಕೇಳಿದರೆ ನಿಜ ಹೊರಬರುತ್ತದೆ. ಆ ಉತ್ತರದಲ್ಲೇ ಪರಿಹಾರ ಇರುತ್ತದೆ.

ಉದಾಹರಣೆಗೆ, "ರಾತ್ರಿ ಪಾತ್ರಿ ತೊಳದು ಬಿದ್ರ ಸಾಕಾಗಿರ್ತದ" ಎಂದರೆ ಹೊತ್ತು ಬದಲಾಯಿಸಬಹುದು. ಗ್ಲಾರ್ಜಿನ್ ಒಂದು ದಿನವಿಡೀ ಕೆಲಸ ಮಾಡುವ ಇನ್ಸುಲಿನ್. ರಾತ್ರಿಯೇ ಆಗಬೇಕೆಂದಿಲ್ಲ, ದಿನಾ ಒಂದೇ ಹೊತ್ತಿಗೆ ಆದರೆ ಸಾಕು. ಡಾಕ್ಟರನ್ನು ಕೇಳಿ ಬೆಳಿಗ್ಗೆಗೋ ಸಂಜೆಗೋ ಬದಲಿಸಿಕೊಳ್ಳಿ. "ಉರೀತದ, ಗಂಟು ಬಿದ್ದದ" ಎಂದರೆ ಹೊಟ್ಟೆಯ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಬೇಕು. ಹೊಕ್ಕಳ ಪಕ್ಕ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಚುಚ್ಚಿದವರಿಗೆ ಅಲ್ಲಿ ರಬ್ಬರಿನ ಹಾಗೆ ಮೆತ್ತಗೆ ಉಬ್ಬಿದ ಗಂಟು ಸಿಗುತ್ತದೆ. ಅಲ್ಲಿ ಚುಚ್ಚಿದರೆ ನೋವು ಕಡಿಮೆ, ಅದಕ್ಕೇ ಜನ ಅಲ್ಲೇ ಚುಚ್ಚುತ್ತಾರೆ. ಆದರೆ ಇನ್ಸುಲಿನ್ ಅಲ್ಲಿಂದ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೇರೆ ಜಾಗಕ್ಕೆ ಬದಲಿಸಿದಾಗ ಅದೇ ಡೋಸ್ ಜೋರಾಗಿ ಹತ್ತುತ್ತದೆ, ಆದ್ದರಿಂದ ಗಂಟು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿಯೇ ಜಾಗ ಬದಲಿಸಿ. "ನಡುರಾತ್ರಿ ಶುಗರ್ ಇಳದ್ರ ಹೆಂಗ" ಎಂಬ ಹೆದರಿಕೆಯಾಗಿದ್ದರೆ ಬೈಗುಳದಿಂದ ಅದು ಹೋಗುವುದಿಲ್ಲ. ಡೋಸ್ ನಿಧಾನ ಏರಿಸುವುದು, ತಲೆದಿಂಬಿನ ಪಕ್ಕ ಸಕ್ಕರೆ ಡಬ್ಬಿ ಇಡುವುದು, ಯಾರಾದರೂ ಹತ್ತಿರ ಮಲಗುವುದು ಇದರಿಂದ ಹೋಗುತ್ತದೆ.

ಪೆನ್ನಿನ ಬಗ್ಗೆ ಇನ್ನೂ ಒಂದು. ತೆರೆದ ಗ್ಲಾರ್ಜಿನ್ ಪೆನ್ನನ್ನು 28 ದಿನ ಬಳಸಬಹುದು, ಅದೂ 30 ಡಿಗ್ರಿ ಒಳಗಿದ್ದರೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಮನೆಯೊಳಗೇ ಅದನ್ನು ದಾಟುತ್ತದೆ. ಕಪಾಟಿನಲ್ಲಿ ತಿಂಗಳ ಮೇಲೆ ಇದ್ದ ಪೆನ್ನಿನಲ್ಲಿ ಇನ್ಸುಲಿನ್ ಸತ್ವ ಕಳೆದುಕೊಂಡಿರಬಹುದು. ಅವ್ವ ಹಾಕಿಕೊಂಡ ದಿನವೂ ಶುಗರ್ ಇಳಿಯದಿರಲು ಇದೂ ಕಾರಣ ಇದ್ದೀತು. ಹಳೆಯದನ್ನು ಬಿಸಾಕಿ ಹೊಸದು ತೆಗೆಯಿರಿ, ತೆರೆದ ತಾರೀಖನ್ನು ಪೆನ್ನಿನ ಮೇಲೆ ಬರೆಯಿರಿ. ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆ ಕೂರಿಸಿ, ಪೆನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿಟ್ಟು ಮುಚ್ಚಿ, ನೆರಳಲ್ಲಿಡಿ. ಮರಳು ಆರದಂತೆ ನೋಡಿಕೊಳ್ಳುವ ಕೆಲಸ ನಿಮ್ಮದಾಗಲಿ.

ಮನೆಯವರ ಸಹಾಯ ಎಂದರೆ ನಾನು ಹೇಳುವುದು ಇಂಥದ್ದನ್ನೇ. ಅವ್ವನಿಗೆ ನೆನಪು ಮಾಡಿಕೊಡುವುದು ಸಹಾಯವಲ್ಲ, ಅವರ ತಲೆಯಿಂದ ಒಂದು ಕೆಲಸ ಇಳಿಸಿಕೊಳ್ಳುವುದು ಸಹಾಯ. ಸ್ಟ್ರಿಪ್, ಸೂಜಿ, ಗುಳಿಗೆ ಮುಗಿಯುವ ಮುನ್ನ ತರುವುದು ನಿಮ್ಮ ಪಾಲಿಗೆ ಬರಲಿ. ಮುಂಜಾನೆ ಗುಳಿಗೆ ನುಂಗಿದ ಅರ್ಧ ತಾಸಿನೊಳಗೆ ಅವ್ವನ ಮುಂದೆ ತಟ್ಟೆ ಇರಬೇಕು. ಅದನ್ನು ಅಪ್ಪ ಮಾಡಲಿ, ನಿಮ್ಮ ಹೆಂಡತಿ ಮಾಡಲಿ, ನೀವೇ ಮಾಡಿ. ಅಡುಗೆ ಪೂರ್ತಿ ಆಗಿರದಿದ್ದರೂ ನಿನ್ನೆಯ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಸಾಕು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಪದ್ಧತಿಯನ್ನು ಅವ್ವನ ಮಟ್ಟಿಗಾದರೂ ಮುರಿಯಿರಿ. ಈ ಒಂದೇ ಬದಲಾವಣೆಯಿಂದ ಹತ್ತು ಗಂಟೆಯ ನಡುಕ ನಿಂತು ಬೆಲ್ಲದ ಡಬ್ಬಿಯ ಜಗಳವೂ ನಿಂತ ಮನೆಗಳನ್ನು ಕಂಡಿದ್ದೇನೆ. ಊಟ ಆದ ಮೇಲೆ ಅಪ್ಪ "ಬಾ, ಕಾಲುವಿ ತನಕ ಹೋಗಿ ಬರೋಣು" ಎಂದು ತಾವೇ ಎದ್ದು ಹೊರಟರೆ, ವಾಕಿಂಗ್ ಮಾಡು ಎಂದು ನೂರು ಸಲ ಹೇಳುವುದಕ್ಕಿಂತ ಮೇಲು.

ಅವ್ವನಿಗೆ ಬೇರೆ ಅಡುಗೆ, ಉಳಿದವರಿಗೆ ಬೇರೆ ಮಾಡಬೇಡಿ. ಮನೆಯವರೆಲ್ಲ ಹೋಳಿಗೆ ಉಣ್ಣುವಾಗ, ಅದನ್ನು ಮಾಡಿದಾಕೆಯ ತಟ್ಟೆಯಲ್ಲಿ ಮಾತ್ರ ಇಲ್ಲದಿರುವುದು ಎಷ್ಟು ನೋವಿನ ಸಂಗತಿ ಎಂದು ಯೋಚಿಸಿ. ಹಬ್ಬದ ದಿನ ಅನ್ನ ಬಿಟ್ಟು ಒಂದು ಹೋಳಿಗೆ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ಎಲ್ಲರೆದುರು ಕೂತು ತಿನ್ನಲಿ.

ಚೆಕ್ ಮಾಡುವುದನ್ನೂ ಕಡಿಮೆ ಮಾಡಿ. ದಿನಾ ಬೇಡ. ಡಾಕ್ಟರು ಒಪ್ಪಿದರೆ ಮೊದಲ ತಿಂಗಳು ವಾರಕ್ಕೆ ಮೂರು ದಿನ ಬರಿಹೊಟ್ಟೆಯದು, ಜೊತೆಗೆ ನಡುಕ ಬಂದಾಗಿನದು, ಅಷ್ಟು ಸಾಕು. ಡೋಸ್ ಏರಿಸಲು ಬೇಕಾದ ಮಾಹಿತಿ ಅದರಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಬರಿಹೊಟ್ಟೆಯದು 80ರಿಂದ 130ರೊಳಗೆ ಬರುವ ತನಕ ಒಂದು ಸಲಕ್ಕೆ 2 ಯೂನಿಟ್‌ನಂತೆ ನಿಧಾನವಾಗಿ ಏರಿಸುತ್ತಾರೆ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಅಂಕಿ ಬಂದಾಗ ಮನೆಯವರು ಹೇಳಬೇಕಾದ ಮಾತು ಒಂದೇ, "ಬರದೀನಿ ಅವ್ವ." ಅದು 110 ಇರಲಿ 250 ಇರಲಿ, ಅದೇ ಮಾತು, ಅದೇ ದನಿ. 110 ಬಂದಾಗ "ಭೇಷ್" ಅಂದರೆ, 250 ಬಂದ ದಿನ ನಿಮ್ಮ ಮೌನವೇ ಬೈಗುಳವಾಗುತ್ತದೆ. ಹಾಗಾಗಿ ಹೊಗಳಿಕೆಯನ್ನೂ ಬಿಡಿ.

ಅಪ್ಪನಿಗೆ ಮತ್ತು ತಂಗಿಗೆ ನೀವೇ ಹೇಳಬೇಕು. ಇಬ್ಬರೂ ಹೆದರಿಕೆಯಿಂದ ಹಾಗೆ ಮಾಡುತ್ತಿದ್ದಾರೆ, ಅದನ್ನು ಒಪ್ಪಿಕೊಂಡೇ ಹೇಳಿ. ತಂಗಿ ಫೋನ್ ಮಾಡಲಿ, ಆದರೆ ಅವ್ವನ ಬಳಿ ಶುಗರ್ ಕೇಳದಿರಲಿ. ಬೇಕೆಂದರೆ ನೋಟ್‌ಬುಕ್ಕಿನ ಫೋಟೋ ತೆಗೆದು ವಾರಕ್ಕೊಮ್ಮೆ ನೀವು ಕಳಿಸಿ, ಅದೂ ಅವ್ವ ಒಪ್ಪಿದರೆ. ಅವ್ವನಿಂದಲೂ ಒಂದು ಮಾತು ತೆಗೆದುಕೊಳ್ಳಿ: ಒಂದು ದಿನ ಇನ್ಸುಲಿನ್ ಬಿಟ್ಟರೆ ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಮುಂದೆ ಸೊನ್ನೆ ಹಾಕುವುದು. ಕಾರಣ ಬರೆಯಬೇಕಿಲ್ಲ, ಯಾರೂ ಕೇಳುವುದಿಲ್ಲ. ಆ ಸೊನ್ನೆಗಳನ್ನು ಡಾಕ್ಟರು ನೋಡಿದರೆ ಡೋಸ್ ಸರಿಯಾಗಿ ಕೂರುತ್ತದೆ.

ಏನನ್ನು ಸಡಿಲ ಬಿಡಬಾರದು ಎಂಬುದೂ ಗೊತ್ತಿರಲಿ. ಚೆಕ್ ಮಾಡುವುದಕ್ಕೆ, ಊಟದ ಲೆಕ್ಕಕ್ಕೆ ರಜೆ ಕೊಡಬಹುದು. ಇನ್ಸುಲಿನ್ನಿಗೆ, ಗುಳಿಗೆಗೆ ಕೊಡುವಂತಿಲ್ಲ. ಕಾಲಲ್ಲಿ ಗಾಯ ಕಂಡರೆ, ವಾಂತಿ ಹತ್ತಿ ಊಟ ನಿಲ್ಲದಿದ್ದರೆ, ಶುಗರ್ 300ರ ಮೇಲೆ ಬಿಡದೆ ನಿಂತು ಬಾಯಿ ಒಣಗಿ ಮಂಪರು ಬಂದರೆ, ಅಂದು ಅವ್ವನ ಮನಸ್ಸು ನೋಡುತ್ತಾ ಕೂರದೆ ಗಾಡಿ ತೆಗೆಯಿರಿ. ಚಿಕ್ಕ ವಯಸ್ಸಿನಿಂದಲೇ ಇನ್ಸುಲಿನ್ ಮೇಲೆ ಬದುಕುವ ಟೈಪ್ 1 ಮಕ್ಕಳಿರುವ ಮನೆಯವರು ಇದನ್ನು ಓದುತ್ತಿದ್ದರೆ, ಅವರಿಗೆ ಒಂದು ದಿನದ ಇನ್ಸುಲಿನ್ ತಪ್ಪಿದರೂ ಜೀವಕ್ಕೆ ಅಪಾಯ ಎಂಬುದು ನೆನಪಿರಲಿ.

ಈ ವಾರ ಡಾಕ್ಟರ ಹತ್ತಿರ ಹೋಗುವಾಗ ಅವ್ವನನ್ನು ಕರೆದುಕೊಂಡು ಹೋಗಿ, ಆದರೆ ಅವರ ಮೇಲೆ ದೂರು ಹೇಳಬೇಡಿ. "ಮನೆಯಲ್ಲಿ ನಮ್ಮೆಲ್ಲರಿಂದ ಸರಿಯಾಗಿ ನಡೆಯುತ್ತಿಲ್ಲ, ಇನ್ಸುಲಿನ್ ಅರ್ಧದಷ್ಟು ದಿನಗಳಲ್ಲಿ ತಪ್ಪುತ್ತಿದೆ, ಬೆಳಿಗ್ಗೆ ಹತ್ತರ ಸುಮಾರಿಗೆ ನಡುಕ ಬರುತ್ತಿರಬಹುದು" ಎಂದು ಹೇಳಿ. ಮೂರು ವಿಷಯ ಕೇಳಿಕೊಂಡು ಬನ್ನಿ: ಮತ್ತೆ ದಿನಾ ಶುರು ಮಾಡುವಾಗ ಎಷ್ಟು ಯೂನಿಟ್‌ನಿಂದ ಮತ್ತು ಯಾವ ಹೊತ್ತಿಗೆ, ಗ್ಲಿಮೆಪಿರೈಡ್ ಕಡಿಮೆ ಮಾಡಬಹುದೇ ಅಥವಾ ಲೋ ತರದ ಬೇರೆ ಗುಳಿಗೆ ಇದೆಯೇ, ಎಷ್ಟಕ್ಕಿಂತ ಕೆಳಗೆ ಬಂದರೆ ಅಂದಿನ ಡೋಸ್ ಕಡಿಮೆ ಮಾಡಬೇಕು. ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸರಾಸರಿ. ಅದನ್ನು ಮೂರು ತಿಂಗಳಿಗೆ ಮುಂಚೆ ಮಾಡಿಸಿ ಇನ್ನೂ ಇಳಿದಿಲ್ಲ ಎಂದು ಅವ್ವನ ಮುಂದೆ ಹೇಳಬೇಡಿ. ಅಲ್ಲಿಯವರೆಗೆ ನೀವು ನೋಡಬೇಕಾದದ್ದು ಎರಡೇ: ಬೆಳಗಿನ ನಡುಕ ನಿಂತಿತೇ, ಪೆನ್ನು ಎಷ್ಟು ದಿನಕ್ಕೆ ಮುಗಿಯುತ್ತಿದೆ. ಆರು ವಾರವಾದರೂ ಇವೆರಡರಲ್ಲಿ ಬದಲಾವಣೆ ಇಲ್ಲದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ಆ ಎರಡು ಪ್ರಶ್ನೆಗಳನ್ನು ಅವ್ವನಿಗೆ ಕೇಳಿಸಿ, ಅಗತ್ಯ ಬಿದ್ದರೆ ಆಪ್ತಸಮಾಲೋಚಕರ ಹತ್ತಿರ ಕಳಿಸಲು ಹೇಳಿ.